ಒಂದು ಮೂವ್ ಮೊದಲೇ ಹೋದ ರಾಜ

ಕಳೆದ ಭಾನುವಾರ ನನ್ನ ಒಬ್ಬ ಸ್ಟೂಡೆಂಟ್ ಟೂರ್ನಮೆಂಟಿನ ಕೊನೆ ರೌಂಡ್ ಸೋತಳು, ಹತ್ತು ವರ್ಷದ ಹುಡುಗಿ. ಅವಳಿಗೆ ಒಂದು ಕಾಗದ ಬರೆದೆ, ಕೈಯಲ್ಲೇ, ಏಳು ಪುಟ ಆಯ್ತು. ವಾಟ್ಸಾಪಲ್ಲಿ ವಾಯ್ಸ್ ನೋಟ್ ಕಳಿಸಬಹುದಿತ್ತು, ಆದ್ರೆ ಈ ವಿಷಯ ಬೋರ್ಡ್ ಮುಂದೆ ಇಟ್ಕೊಂಡು ನಿಧಾನಕ್ಕೆ, ಹಿಂದೆ ಮುಂದೆ ಹೋಗ್ತಾ ಓದ್ಬೇಕಾದ್ದು. ಅವಳೂ ಅವಳ ಅಮ್ಮನೂ ಹಾಕ್ಕೊಳ್ಳಿ ಸರ್ ಅಂದ್ರು, ಅದಕ್ಕೆ ಇಲ್ಲಿ ಹಾಕ್ತಿದೀನಿ. ಮನೇಲಿ ಚೆಸ್ ಬೋರ್ಡ್ ಇದ್ರೆ ತಗೊಳ್ಳಿ, ಬೇಕಾಗಿರೋದು ಮೂರೇ ಕಾಯಿ: ಎರಡು ರಾಜ, ಒಂದು ಬಿಳಿ ಪಾನ್. e8, d5 ಅಂತ ಬರೋದು ಬೋರ್ಡಿನ ಮನೆಗಳ ಹೆಸರು, ಅದರ ಮುಂದೆ K ಇದ್ರೆ ರಾಜ ಆ ಮನೆಗೆ ಹೋಯ್ತು ಅಂತ.

ಪ್ರೀತಿಯ ಪುಟ್ಟಿ,

ಭಾನುವಾರ ಸಾಯಂಕಾಲ ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ನೀನು ಬ್ಯಾಗ್ ತಬ್ಕೊಂಡು ಕೂತಿದ್ದಾಗ ನಾನು ಏನೂ ಹೇಳ್ಲಿಲ್ಲ. ಹೇಳೋದು ಇರ್ಲಿಲ್ಲ ಅಂತಲ್ಲ. ಸೋತು ಹತ್ತು ನಿಮಿಷ ಆಗಿರೋ ಮಗೂಗೆ ಎಂಡ್‌ಗೇಮ್ ಪಾಠ ಮಾಡೋ ಕೋಚ್‌ಗಳನ್ನ ನಾನು ಬಹಳ ನೋಡಿದೀನಿ, ಹಾಗೆ ಮಾಡಿದ ಪಾಠ ಯಾವ ಮಗೂಗೂ ತಲೆಗೆ ಹತ್ತಿದ್ದು ನೋಡಿಲ್ಲ. ನಿಮ್ಮಪ್ಪ ಮಾತ್ರ ಎರಡು ಸಲ ಹೇಳಿದ್ರು, "ಟೈಮ್ ಇತ್ತಲ್ಲಮ್ಮ, ಯೋಚನೆ ಮಾಡ್ಬಾರ್ದಿತ್ತಾ" ಅಂತ. ನೀನು ತಲೆ ಎತ್ತದೇನೇ ಅಂದೆ, "ಯೋಚನೆ ಮಾಡೇ ಆಡಿದ್ದು". ಆಮೇಲೆ ನನ್ನ ಕಡೆ ನೋಡಿ ಇನ್ನೊಂದು ಮಾತು ಹೇಳ್ದೆ, "ನೀವೇ ಹೇಳಿದ್ದು ಸರ್, ರಾಜನ ಎದುರಿಗೆ ರಾಜ ನಿಲ್ಲಿಸ್ಬೇಕು ಅಂತ".

ಆ ಮಾತು ನನ್ನ ಜೊತೇಲೇ ಮನೆಗೆ ಬಂತು. ರಾತ್ರಿ ಊಟ ಆದ್ಮೇಲೆ ನಿನ್ನ ಸ್ಕೋರ್‌ಶೀಟ್ ಬಿಚ್ಕೊಂಡು ಕೂತೆ, ಒಂದೊಂದೇ ಮೂವ್ ಆಡ್ಕೊಂಡು ಬಂದೆ, ಕೊನೆ ಪುಟಕ್ಕೆ ಬಂದಾಗ ನೀನು ಹೇಳಿದ್ದು ನಿಜ ಅಂತ ಗೊತ್ತಾಯ್ತು. ನೀನು ನಾನು ಹೇಳಿಕೊಟ್ಟಿದ್ದನ್ನೇ ಆಡಿದೀಯ. ನಾನು ಹೇಳಿಕೊಟ್ಟಿದ್ದೇ ಅರ್ಧ.

ಮೊದಲು ರೂಕ್ ಬದಲಾಯಿಸಿದ ವಿಷಯ. ಮಂಗಳವಾರ ಫೋನಲ್ಲಿ ನಿಮ್ಮಪ್ಪ ಕೇಳ್ತಿದ್ರು, ರೂಕ್ ಇಟ್ಕೊಂಡಿದ್ರೆ ಡ್ರಾ ಆಗ್ತಿತ್ತೇನೋ, ಅದನ್ನ ಕೊಟ್ಟಿದ್ದೇ ತಪ್ಪಲ್ವಾ ಅಂತ. ಅಲ್ಲ. ನಿನ್ನ ಕಪ್ಪು ರಾಜ e8ನಲ್ಲಿತ್ತು, ಎದುರಾಳಿಯ ಬಿಳಿ ರಾಜ d5ನಲ್ಲಿ, ಅವನ ಪಾನ್ e5ನಲ್ಲಿ. ನೀನು ರೂಕನ್ನ e7ಗೆ ತಂದು ಇಟ್ಟೆ, ಅವನು ಹೊಡೆದ, ನೀನು ರಾಜನಿಂದ ವಾಪಸ್ ಹೊಡೆದೆ, ನಿನ್ನ ರಾಜ e7ಗೆ ಬಂತು. ಈಗ ಬೋರ್ಡ್ ಮೇಲೆ ಉಳಿದಿದ್ದು ಮೂರು ಕಾಯಿ, ಮೂವ್ ಅವನದ್ದು. ಇದು ಡ್ರಾ, ಅನುಮಾನವೇ ಇಲ್ಲ. ಯಾಕೆ ಅಂದ್ರೆ ಬಿಳಿಗೆ ಗೆಲ್ಬೇಕಿದ್ರೆ ಅವನ ರಾಜ ಪಾನ್‌ಗಿಂತ ಮುಂದೆ ಬರ್ಬೇಕು, ಅಂದ್ರೆ d6, e6, f6 ಈ ಮೂರು ಮನೇಲಿ ಒಂದಕ್ಕೆ ಕಾಲಿಡ್ಬೇಕು. e7ನಲ್ಲಿ ನಿಂತಿರೋ ನಿನ್ನ ರಾಜ ಆ ಮೂರೂ ಬಾಗಿಲಿಗೆ ಒಬ್ಬಳೇ ಅಡ್ಡ ನಿಂತಂಗೆ ನಿಂತಿದೆ, ರಾಜನ ಪಕ್ಕದ ಮನೆಗೆ ಇನ್ನೊಂದು ರಾಜ ಬರೋ ಹಾಗಿಲ್ವಲ್ಲ.

ಅದೇ ನಿನ್ನ ರಾಜ ಒಂದು ಮನೆ ಪಕ್ಕಕ್ಕೆ, f7ನಲ್ಲಿ ಇದ್ದಿದ್ರೆ? ಆಗ d6 ಬಾಗಿಲು ತೆರೆದಿರ್ತಿತ್ತು, ಅವನು ಸೀದಾ Kd6 ಆಡಿ ಒಳಗೆ ಬರ್ತಿದ್ದ, ಆಮೇಲೆ ನೀನು ಏನೇ ಮಾಡಿದ್ರೂ ಪಾನ್ ಕ್ವೀನ್ ಆಗ್ತಿತ್ತು. ನೀನು ಅದನ್ನ ಲೆಕ್ಕ ಹಾಕೇ ಬದಲಾಯಿಸಿದ್ದು ಅಂತ ನಂಗೊತ್ತು, ಯಾಕಂದ್ರೆ ಸ್ಕೋರ್‌ಶೀಟಲ್ಲಿ ಆ ಮೂವ್ ಪಕ್ಕ ನೀನು ಬರೆದಿರೋ ಟೈಮ್ ಹಿಂದಿನದ್ದಕ್ಕಿಂತ ಆರು ನಿಮಿಷ ಕಮ್ಮಿ ಇದೆ. ಪ್ರತಿ ಮೂವ್ ಪಕ್ಕ ಉಳಿದಿರೋ ಟೈಮ್ ಬರಿ ಅಂತ ಬಲವಂತ ಮಾಡಿದ್ದಕ್ಕೆ ನೀನು ಮುಖ ಸಿಂಡರಿಸಿಕೊಂಡಿದ್ದೆ, ನೆನಪಿದ್ಯಾ? ನೋಡು, ಈಗ ನಿನ್ನ ಪರ ಸಾಕ್ಷಿ ಹೇಳ್ತಿರೋದು ಅದೇ.

ಆಮೇಲೆ ಅವನು ಪಾನ್ ತಳ್ಳಿದ, e6. ಈಗ ಬೋರ್ಡಲ್ಲಿ ಬಿಳಿ ರಾಜ d5, ಬಿಳಿ ಪಾನ್ e6, ನಿನ್ನ ರಾಜ e7, ಮೂವ್ ನಿನ್ನದು. ನಿನಗಿದ್ದದ್ದು ನಾಲ್ಕೇ ಮನೆ: d8, e8, f8, f6. ಉಳಿದದ್ದಕ್ಕೆ ಹೋಗೋ ಹಾಗೇ ಇಲ್ಲ, d7 ಮತ್ತು f7ನ್ನ ಪಾನ್ ಕಾಯ್ತಿದೆ, d6ನ್ನ ಅವನ ರಾಜ ಕಾಯ್ತಿದೆ, ಪಾನ್ ಹೊಡೆಯೋಣ ಅಂದ್ರೆ ಅದಕ್ಕೂ ರಾಜನ ಕಾವಲಿದೆ. ನಾಲ್ಕರಲ್ಲಿ ಒಂದು ಡ್ರಾ, ಮೂರು ಸೋಲು. ನೀನು Kd8 ಆಡ್ದೆ. ಮುಂದಿನದ್ದು ನಿಂಗೆ ಗೊತ್ತು, ಆದ್ರೂ ಇನ್ನೊಂದ್ಸಲ ಬೋರ್ಡ್ ಮೇಲೆ ಆಡು:

```
1... Kd8   2. Kd6  Ke8
3. e7      Kf7
4. Kd7
```

ಇಲ್ಲಿ ನೀನು ಸೋಲೊಪ್ಪಿ ಕೈ ಕೊಟ್ಟೆ. ಸರಿಯಾಗೇ ಕೊಟ್ಟೆ, ಮುಂದಿನ ಮೂವಲ್ಲಿ ಪಾನ್ ಕ್ವೀನ್ ಆಗ್ತಿತ್ತು.

(ಈ ನಂಬರ್ ಬೇರೆ, ನಿನ್ನ ಶೀಟಲ್ಲಿ ಇದು ಅರವತ್ತರ ಮೇಲಿನ ಮೂವ್. ಸುಲಭಕ್ಕೆ ಒಂದರಿಂದ ಶುರು ಮಾಡಿದೀನಿ.)

ಮನೆಗೆ ಹೋಗಿ ನೀನು ಗೇಮನ್ನ ಫೋನಲ್ಲಿ ಇಂಜಿನ್‌ಗೆ ಹಾಕಿರ್ತೀಯ, ಅದು Kd8 ಮುಂದೆ ಎರಡು ಕೆಂಪು ಪ್ರಶ್ನೆ ಚಿಹ್ನೆ ಹಾಕಿ Ke8 ಆಡ್ಬೇಕಿತ್ತು ಅಂತ ತೋರಿಸಿರುತ್ತೆ. ಅದು ಅಷ್ಟೇ ಹೇಳೋದು. ಯಾಕೆ ಅಂತ ಹೇಳಲ್ಲ. ನೀನು ಓಕೆ ಅಂದ್ಕೊಂಡು, Ke8 ಅಂತ ಬಾಯಿಪಾಠ ಮಾಡ್ಕೊಂಡು, ಫೋನ್ ಮುಚ್ಚಿರ್ತೀಯ. ಮುಂದಿನ ಸಲ ಪಾನ್ e ಬದಲು c ಸಾಲಲ್ಲಿ ಇದ್ರೆ ಮತ್ತೆ ಅದೇ ಕತೆ.

ಹಾಗಾಗಿ ಮೊದಲು ನೀನು Kd8 ಯಾಕೆ ಆಡಿದೆ ಅನ್ನೋದನ್ನ ನೋಡೋಣ. ನನಗನ್ನಿಸಿದ್ದು ಹೇಳ್ತೀನಿ, ತಪ್ಪಿದ್ರೆ ಶನಿವಾರ ತಿದ್ದು. ಅವನ ರಾಜ d5ನಲ್ಲಿದೆ, ಅದು d6ಗೆ ಬರುತ್ತೆ ಅಂತ ನಿಂಗೆ ಕಾಣಿಸ್ತು. ಅದು ಸರಿ. ಅವನು d6ಗೆ ಬಂದಾಗ ನನ್ನ ರಾಜ ಅವನ ಎದುರಿಗೆ, ಅಂದ್ರೆ d8ನಲ್ಲಿ ಇರ್ಬೇಕು, ಸರ್ ಹೇಳಿದಾರೆ, ಎದುರಿಗೆ ನಿಲ್ಲಿಸ್ಬೇಕು ಅಂತ. ಅದೂ ಸರಿ! ಅವನ ರಾಜ d6ನಲ್ಲಿ ಇದ್ದಾಗ ನಿನ್ನ ರಾಜ d8ನಲ್ಲೇ ಇರ್ಬೇಕು, ಬೇರೆಲ್ಲಿದ್ರೂ ಆಗಲ್ಲ. ಹಾಗಾಗಿ ನೀನು ಜಾಣೆ ಥರ ಮುಂಚೇನೇ ಹೋಗಿ ಅಲ್ಲಿ ನಿಂತ್ಕೊಂಡೆ, ಬಸ್ ಬರೋಕ್ಕಿಂತ ಮುಂಚೆ ಸ್ಟಾಪಿಗೆ ಹೋಗಿ ನಿಲ್ಲೋ ಹಾಗೆ.

ನೀನು ಸೋತಿದ್ದು ತಪ್ಪು ಮನೆಗೆ ಹೋಗಿದ್ದಕ್ಕಲ್ಲ ಪುಟ್ಟಿ. ಸರಿಯಾದ ಮನೆಗೇ ಹೋದೆ, ಒಂದು ಮೂವ್ ಮೊದಲೇ ಹೋದೆ.

ಈಗ ಒಂದು ಕೆಲ್ಸ ಮಾಡು. ಬೋರ್ಡ್ ಮೇಲೆ ಬಿಳಿ ರಾಜ d6, ಪಾನ್ e6, ಕಪ್ಪು ರಾಜ d8 ಇಡು. ನೀನು ಆಡಿದ ಆಟದಲ್ಲಿ 1...Kd8 2.Kd6 ಆದ್ಮೇಲೆ ಬಂದದ್ದು ಇದೇ ಚಿತ್ರ. ಈಗ ಬಿಳಿ ರಾಜನ್ನ ಮತ್ತೆ d5ಗೆ, ನಿನ್ನ ರಾಜನ್ನ e7ಗೆ ಇಟ್ಟು ನೀನು ಆಡ್ಬೇಕಿದ್ದ ಮೂವ್ ಆಡಿ ನೋಡು, 1...Ke8, ನೇರ ಹಿಂದಕ್ಕೆ. ಅವನು 2.Kd6 ಅಂತಾನೆ, ನೀನು ಆವಾಗ Kd8 ಅಂತೀಯ. ಬೋರ್ಡ್ ನೋಡು. ಬಿಳಿ ರಾಜ d6, ಪಾನ್ e6, ಕಪ್ಪು ರಾಜ d8. ಅದೇ ಚಿತ್ರ! ಎರಡಕ್ಕೂ ಫೋಟೋ ತೆಗೆದು ಅಕ್ಕಪಕ್ಕ ಇಟ್ರೆ ನಿಮ್ಮಮ್ಮನಿಗೆ ವ್ಯತ್ಯಾಸ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ, ಯಾವ ಗ್ರ್ಯಾಂಡ್‌ಮಾಸ್ಟರ್‌ಗೂ ಗೊತ್ತಾಗಲ್ಲ. ಒಂದು ಸೋಲು, ಒಂದು ಡ್ರಾ. ಫೋಟೋದಲ್ಲಿ ಬರದೇ ಇರೋದು ಒಂದೇ, ಈಗ ಮೂವ್ ಯಾರದ್ದು ಅನ್ನೋದು.

ನೀನು ಕಂಪ್ಯೂಟರಲ್ಲಿ ಪೊಸಿಶನ್ ಪೇಸ್ಟ್ ಮಾಡ್ತೀಯಲ್ಲ, FEN ಅಂತ ಒಂದು ಸಾಲು, ಅದರಲ್ಲಿ ಈ ಎರಡೂ ಹೀಗಿರುತ್ತೆ:

```
3k4/8/3KP3/8/8/8/8/8 b - - 0 1
3k4/8/3KP3/8/8/8/8/8 w - - 0 1
```

ಮೊದಲನೇದು ನಿನ್ನ ಆಟ, ಎರಡನೇದು ಆಡ್ಬೇಕಿದ್ದ ಆಟ. ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸ್ಕೊಂಡು ಬಾ. ಬೇರೆ ಇರೋದು ಒಂದೇ ಒಂದು ಅಕ್ಷರ, ಒಂದರಲ್ಲಿ b, ಇನ್ನೊಂದರಲ್ಲಿ w. ಕಪ್ಪಿನ ಮೂವಾ, ಬಿಳಿ ಮೂವಾ ಅಂತ ಅದರ ಅರ್ಥ. ನಿನ್ನ ಅರ್ಧ ಪಾಯಿಂಟ್ ಹೋಗಿದ್ದು ಆ ಒಂದು ಅಕ್ಷರದಲ್ಲಿ. ಪೇಸ್ಟ್ ಮಾಡಿ ನೋಡು, ಮೊದಲನೇದಕ್ಕೆ ಬಿಳಿ ಗೆಲ್ಲುತ್ತೆ ಅಂತ ಬರುತ್ತೆ, ಎರಡನೇದಕ್ಕೆ ಡ್ರಾ ಅಂತ.

ಯಾಕೆ ಹಾಗೆ? ಓಣೀಲಿ ಎರಡು ಸ್ಕೂಟರ್ ಎದುರು ಬದುರು ಬಂದು ನಿಂತಿದಾವೆ ಅಂದ್ಕೋ, ಇಬ್ಬರೂ ಜಗ್ಗಲ್ಲ. ಯಾರು ಮೊದಲು ಪಕ್ಕಕ್ಕೆ ಸರೀತಾರೋ ಅವರ ಜಾಗದಲ್ಲಿ ಇನ್ನೊಬ್ಬರು ನುಗ್ತಾರೆ. ಓಣೀಲಾದ್ರೆ ಎಷ್ಟು ಹೊತ್ತು ಬೇಕಾದ್ರೂ ನಿಂತಿರ್ಬಹುದು. ಚೆಸ್ಸಲ್ಲಿ ಆಗಲ್ಲ, ನಿನ್ನ ಸರದಿ ಬಂತು ಅಂದ್ರೆ ನೀನು ಆಡಲೇಬೇಕು. ನಿಮ್ಮಜ್ಜಿ ಜೊತೆ ಚೌಕಾಬಾರ ಆಡುವಾಗ ಬಿದ್ದ ಗರ ಯಾವ ಕಾಯಿಗೂ ಕೂಡದಿದ್ರೆ ಆಟ ಮುಂದಿನೋರಿಗೆ ಹೋಗುತ್ತೆ, ಇಲ್ಲಿ ಆ ಸೌಲಭ್ಯ ಇಲ್ಲ. "ನಾನು ಇಲ್ಲೇ ಚೆನ್ನಾಗಿದೀನಿ, ನೀನೇ ಆಡು" ಅನ್ನೋ ಹಾಗಿಲ್ಲ. ಆಡಲೇಬೇಕಾದ್ದರಿಂದಲೇ ಕೆಟ್ಟುಹೋಗೋ ಈ ಸ್ಥಿತಿಗೆ ಜರ್ಮನ್ ಭಾಷೇಲಿ ಒಂದು ಹೆಸರಿದೆ, ತ್ಸುಗ್‌ಸ್ವಾಂಗ್, ಕ್ಲಾಸಲ್ಲಿ ನೀವೆಲ್ಲ ಅದನ್ನ ಹೇಳೋಕೆ ಹೋಗಿ ಬಿದ್ದು ಬಿದ್ದು ನಗ್ತಿದ್ರಲ್ಲ, ಅದೇ. ರಾಜರು ಒಂದು ಮನೆ ಬಿಟ್ಟು ಎದುರು ಬದುರು ನಿಂತಾಗ ಯಾರ ಸರದಿ ಅಲ್ವೋ ಅವರ ಕೈ ಮೇಲು. ಅದನ್ನೇ ನಾವು ಆಪೊಸಿಶನ್ ಅನ್ನೋದು. ಎದುರಿಗೆ ನಿಲ್ಲೋದು ಆಪೊಸಿಶನ್ ಅಲ್ಲ. ಎದುರಿಗೆ *ಬಂದು* ನಿಲ್ಲೋದು ಆಪೊಸಿಶನ್, ಅಂದ್ರೆ ಕೊನೆಗೆ ಬಂದವರು ನೀವಾಗಿರ್ಬೇಕು. ನೀನು ಮೊದಲೇ ಹೋಗಿ ನಿಂತೆ, ಬಂದವನು ಅವನಾದ.

ನಾನು ಕ್ಲಾಸಲ್ಲಿ ಹೇಳಿದ್ದು "ಎದುರಿಗೆ ನಿಲ್ಲಿಸು" ಅಂತ. ಎರಡು ವರ್ಷದಿಂದ ಹಾಗೇ ಹೇಳ್ತಿದೀನಿ, ಬರೀ ನಿನಗಲ್ಲ, ಎಲ್ಲರಿಗೂ. ಚಿಕ್ಕ ಮಕ್ಕಳಿಗೆ ಸುಲಭ ಆಗ್ಲಿ ಅಂತ ವಾಕ್ಯ ಚಿಕ್ಕದು ಮಾಡಿದೆ, ಚಿಕ್ಕದು ಮಾಡುವಾಗ ಇದ್ದಿದ್ದರಲ್ಲಿ ಮುಖ್ಯವಾದ ಭಾಗಾನೇ ಉದುರಿಹೋಯ್ತು. ಕ್ಲಾಸಲ್ಲಿ ನಾನು ಕೊಡೋ ಉದಾಹರಣೆಗಳಲ್ಲಿ ರಾಜ ಆಗಲೇ ಎದುರಿಗೆ ಬಂದಿರುತ್ತೆ, ನೀವು ಹೋಗಿ ನಿಂತ್ರೆ ಸಾಕು, ಹಾಗಾಗಿ ಅರ್ಧ ವಾಕ್ಯದಲ್ಲೇ ಎಲ್ಲ ಲೆಕ್ಕ ಸರಿಯಾಗ್ತಿತ್ತು, ನನಗೂ ಗೊತ್ತಾಗ್ಲಿಲ್ಲ. ಗೊತ್ತಾಗೋಕೆ ಇಂಥ ಪೊಸಿಶನ್ನೇ ಬರ್ಬೇಕಿತ್ತು, ಅವನ ರಾಜ ಇನ್ನೂ ಒಂದು ಹೆಜ್ಜೆ ದೂರ ಇರೋದು, ಮೂವ್ ನಿನ್ನದಾಗಿರೋದು.

ಅದಕ್ಕೇ ನಿಮ್ಮಪ್ಪ ಹೇಳಿದ ಟೈಮ್ ವಿಷಯದಲ್ಲಿ ನಾನು ಅವರ ಜೊತೆ ಇಲ್ಲ. ಹೌದು, ಶೀಟಲ್ಲಿ Kd8 ಪಕ್ಕ 23 ಅಂತಿದೆ, ಹಿಂದಿನ ಮೂವ್ ಪಕ್ಕಾನೂ 23. ಮೂವ್‌ಗೆ ಮೂವತ್ತು ಸೆಕೆಂಡ್ ಸೇರೋ ಆಟ, ಆಡಿದ್ರೆ ಗಡಿಯಾರ ಕಮ್ಮಿ ಆಗೋ ಬದಲು ಅಲ್ಲೇ ನಿಂತಿದೆ, ಅಂದ್ರೆ ಹೆಚ್ಚು ಅಂದ್ರೆ ಒಂದೂವರೆ ನಿಮಿಷ ತಗೊಂಡಿದೀಯ. ಆದ್ರೆ ಹತ್ತು ನಿಮಿಷ ತಗೊಂಡಿದ್ರೂ ನೀನು Kd8ನೇ ಆಡ್ತಿದ್ದೆ ಅಂತ ನನ್ನ ಲೆಕ್ಕ. ತಲೇಲಿ ಇರೋ ನಿಯಮಾನೇ ಅರ್ಧ ಇದ್ರೆ ಅದನ್ನ ಎಷ್ಟು ಹೊತ್ತು ತಿರುಗಿಸಿದ್ರೂ ಉತ್ತರ ಅದೇ ಬರುತ್ತೆ. ನಿಧಾನಕ್ಕೆ ಆಡು ಅನ್ನೋದು ಪಾಲಕರಿಗೆ ಸಲೀಸಾದ ಸಲಹೆ, ಕೋಚ್‌ಗಳಿಗೂ ಸಲೀಸು, ತಪ್ಪು ನಮ್ಮ ಕಡೆ ಬರಲ್ಲ ನೋಡು.

ಈಗ ಪಾನ್ ಕಡೆಯಿಂದ ಇದೇ ವಿಷಯ ನೋಡು, ಯಾಕಂದ್ರೆ ಹಾಲಲ್ಲಿ ಕೂತಾಗ b, w ಅಂತ ನೆನಪು ಬರಲ್ಲ, ಕಣ್ಣಿಗೆ ಕಾಣೋ ಗುರುತು ಬೇಕು. ಎರಡೂ ಆಟದಲ್ಲಿ ಪಾನ್ e7ಗೆ ಬರುತ್ತೆ. ನಿನ್ನ ಆಟದಲ್ಲಿ ಬಂದಾಗ ನಿನ್ನ ರಾಜ e8ನಲ್ಲಿತ್ತು, ಪಾನ್ ಹೊಡೆಯೋದು ಓರೆಯಾಗಿ, d8 ಮತ್ತು f8. ಹಾಗಾಗಿ ಅದು ಚೆಕ್ ಅಲ್ಲ. ಚೆಕ್ ಇಲ್ಲ, ಆದ್ರೆ ನಿನ್ನ ಸರದಿ, ಹೋಗೋಕೆ ಇರೋದು f7 ಒಂದೇ, ಅಲ್ಲಿಗೆ ಹೋದ್ರೆ ಅವನ ರಾಜ d7ಗೆ ಬಂದು e8ನ್ನ ಕಾಯುತ್ತೆ, ಮುಗೀತು. ಸರಿಯಾದ ಆಟದಲ್ಲಿ 1...Ke8 2.Kd6 Kd8 ಆದ್ಮೇಲೆ ಅವನು 3.e7 ಅಂದ್ರೆ ಅದು ಚೆಕ್, ನಿನ್ನ ರಾಜ d8ನಲ್ಲಿದೆ. ನೀನು 3...Ke8 ಅಂತ ಪಾನ್ ಮುಂದೆ ಹೋಗಿ ಕೂತ್ಕೋತೀಯ. ಈಗ ಪಾನನ್ನ ಉಳಿಸ್ಕೊಳ್ಳೋಕೆ ಅವನ ರಾಜ e6ಗೆ ಹೋಗ್ಬೇಕು, ಇಲ್ಲಾಂದ್ರೆ ನೀನು ಪಾನ್ ಹೊಡೀತೀಯ. 4.Ke6 ಅಂದ ತಕ್ಷಣ ನಿನ್ನ ರಾಜನಿಗೆ ಹೋಗೋಕೆ ಒಂದು ಮನೇನೂ ಇಲ್ಲ, ಚೆಕ್ಕೂ ಇಲ್ಲ. ಸ್ಟೇಲ್‌ಮೇಟ್. ಪಾನ್ ಏಳನೇ ಸಾಲಿಗೆ ಚೆಕ್ ಕೊಡದೆ ಬಂದ್ರೆ ಕಷ್ಟ, ಚೆಕ್ ಕೊಟ್ಟು ಬಂದ್ರೆ ಡ್ರಾ. ಹಳೇ ಕಾಲದ ಆಟಗಾರರು ಇದನ್ನ ಕೇಳಿದ ತಕ್ಷಣ ಹೇಳ್ತಾರೆ. ಮಾಮೂಲಾಗಿ ಚೆಕ್ ಅಂದ್ರೆ ಹೆದರ್ತೀವಿ, ಇಲ್ಲಿ ಚೆಕ್ ಸಿಕ್ಕಿದ್ರೆ ಬಚಾವು, ಸ್ವಲ್ಪ ತಮಾಷೆ ಅಲ್ವಾ. ಒಂದು ಎಚ್ಚರಿಕೆ, ಈ ಗುರುತು ಇಂಥ ಪೊಸಿಶನ್‌ಗೆ ಮಾತ್ರ: ಅವನ ರಾಜ ಪಾನ್ ಪಕ್ಕ ಆರನೇ ಸಾಲಲ್ಲಿ, ನಿನ್ನ ರಾಜ ಕೊನೇ ಸಾಲಲ್ಲಿ ಇರ್ಬೇಕು. ತುದಿ ಪಾನ್ ಬಂದ್ರೆ ಅದರ ಲೆಕ್ಕವೇ ಬೇರೆ, ಅದನ್ನ ಇಲ್ಲಿ ತರೋದು ಬೇಡ.

Kf8 ಆಡಿದ್ರೂ ಇದೇ ಗತಿ ಆಗ್ತಿತ್ತು, ಅವನು Kd6, ನೀನು Ke8, ಅವನು e7, ಚೆಕ್ ಇಲ್ಲದೆ. Kf6 ಬಿಡು, ಅದು ಬಾಗಿಲು ತೆರೆದಿಟ್ಟು ಬೀದಿಗೆ ಹೋದಂಗೆ.

ಈಗ e8 ಯಾಕೆ ಸರಿ ಅಂತ ನಿಂಗೇ ಕಾಣ್ತಿರ್ಬೇಕು. e8ನಲ್ಲಿ ನಿಂತಾಗ ನೀನು ಯಾವ ಕಡೆ ಅಂತ ಇನ್ನೂ ಹೇಳಿರಲ್ಲ. ಅವನು d6ಗೆ ಬಂದ್ರೆ ನೀನು d8, ಅವನು ಸುತ್ತಿ ಬಳಸಿ ಆ ಕಡೆಯಿಂದ f6ಗೆ ಬಂದ್ರೆ ನೀನು f8. ಮೊದಲು ಅವನು ಹೇಳ್ಲಿ, ಆಮೇಲೆ ನೀನು. ನೀನು d8ಗೆ ಹೋದಾಗ ಮೊದಲು ನೀನೇ ಹೇಳ್ಬಿಟ್ಟೆ.

ಸರಿ, ಅವನು d6ಗೆ ಬರ್ದೇ ಸುಮ್ನೆ ಹಿಂದೆ ಮುಂದೆ ಓಡಾಡ್ತಾ ಇದ್ರೆ? ಇದನ್ನ ನೀನು ಕೇಳೇ ಕೇಳ್ತೀಯ. ಓಡಾಡ್ಲಿ. ಅವನ ಗಡಿಯಾರದಲ್ಲಿ ನಾಲ್ಕು ನಿಮಿಷ ಇತ್ತು, ನಿನ್ನದರಲ್ಲಿ 23. ಒಂದೇ ಪೊಸಿಶನ್ ಮೂರನೇ ಸಲ ಬಂದ್ರೆ ನೀನು ಡ್ರಾ ಕೇಳ್ಬಹುದು. ನಿನ್ನ ಮೂವ್‌ನಿಂದಲೇ ಅದು ಬರೋದಾದ್ರೆ ಆ ಮೂವನ್ನ ಆಡದೇ ಶೀಟಲ್ಲಿ ಬರೆದು, ಆರ್ಬಿಟರನ್ನ ಕರೆದು ಹೇಳ್ಬೇಕು, ಬೋರ್ಡ್ ಮೇಲೆ ಆಡಿ ಆಮೇಲೆ ಕರೆದ್ರೆ ಆ ಸಲದ ಅವಕಾಶ ಹೋಯ್ತು. ಇಲ್ಲಾಂದ್ರೆ ಇಬ್ಬರೂ ಐವತ್ತೈವತ್ತು ಮೂವ್ ಪಾನ್ ಮುಟ್ಟದೆ, ಏನೂ ಹೊಡೆಯದೆ ಆಡಿದ್ರೂ ಕೇಳ್ಬಹುದು. ಮೂರು ಸಲದ ನಿಯಮದಲ್ಲಿ ಒಂದು ಮಾತಿದೆ, ನಾನು ಎಷ್ಟೋ ವರ್ಷ ಅದನ್ನ ಸುಮ್ನೆ ಓದ್ಕೊಂಡು ಹೋಗಿದ್ದೆ: ಕಾಯಿಗಳು ಅದೇ ಮನೇಲಿದ್ರೆ ಸಾಲದು, ಮೂವ್ ಕೂಡ ಅದೇ ಆಟಗಾರನದ್ದಾಗಿರ್ಬೇಕು, ಆಗ ಮಾತ್ರ ಅದು 'ಅದೇ ಪೊಸಿಶನ್'. ಫಿಡೆ ನಿಯಮ ಬರೆದೋರಿಗೆ ಇದು ಚೆನ್ನಾಗಿ ಗೊತ್ತಿತ್ತು, ಮೂರು ಕಾಯಿ ಇದ್ದಲ್ಲೇ ಇದ್ರೂ ಸರದಿ ಬದಲಾದ್ರೆ ಅದು ಬೇರೇನೇ ಪೊಸಿಶನ್ ಅಂತ. ಕ್ಲಾಸಲ್ಲಿ ಹೇಳೋವಾಗ ನನಗೇ ಹೊಳೀಲಿಲ್ಲ.

ಇನ್ನೊಂದೇ ವಿಷಯ, ಇದು ಇಲ್ದಿದ್ರೆ ನೀನು ಆಪೊಸಿಶನ್ ಸಿಕ್ಕಿದ್ರೆ ಯಾವಾಗ್ಲೂ ಡ್ರಾ ಅಂದ್ಕೊಂಡ್ಬಿಡ್ತೀಯ, ಆಮೇಲೆ ಮತ್ತೆ ಮೆಟ್ಟಿಲ ಮೇಲೆ ಕೂತು ನೀವೇ ಹೇಳಿದ್ದು ಸರ್ ಅಂತೀಯ. ಬಿಳಿ ರಾಜ e6, ಪಾನ್ ಅದರ ಹಿಂದೆ e5, ನಿನ್ನ ರಾಜ e8 ಇಡು. ಮೂವ್ ಬಿಳಿದು. ಎದುರು ಬದುರು ಇದಾರೆ, ಸರದಿ ಅವನದ್ದು, ಆಪೊಸಿಶನ್ ನಿನ್ನದೇ. ಆದ್ರೂ ಸೋಲ್ತೀಯ. ಅವನು Kd6, ನೀನು ಸರಿಯಾಗೇ Kd8, ಮತ್ತೆ ಎದುರಿಗೆ. ಈಗ ಅವನು ಪಾನ್ ತಳ್ತಾನೆ, e6. ನೋಡು ಎಲ್ಲಿಗೆ ಬಂತು! ರಾಜ d6, ಪಾನ್ e6, ನಿನ್ನ ರಾಜ d8, ಮೂವ್ ನಿನ್ನದು. ಭಾನುವಾರದ್ದೇ ಪೊಸಿಶನ್. ಅವನ ಹತ್ರ ಪಾನ್‌ದು ಒಂದು ಮೂವ್ ಜೇಬಲ್ಲಿ ಉಳಿದಿತ್ತು, ಅದನ್ನ ಖರ್ಚು ಮಾಡಿ ಸರದೀನ ನಿನ್ನ ಕಡೆ ತಳ್ಳಿದ. ಅದಕ್ಕೇ ರಾಜ ಪಾನ್‌ಗಿಂತ ಮುಂದೆ ಬಂದು ಆರನೇ ಸಾಲು ಹಿಡಿದ್ರೆ ಉಳಿಗಾಲ ಇಲ್ಲ, ಅದಕ್ಕೇ ನೀನು ರೂಕ್ ಬದಲಾಯಿಸುವಾಗ ಆ ಮೂರು ಬಾಗಿಲ ಲೆಕ್ಕ ಹಾಕಿದ್ದು. ಭಾನುವಾರ ನಿನ್ನ ಎದುರಾಳಿ ಆ ಜೇಬಿನ ದುಡ್ಡನ್ನ ಮೊದಲೇ, ರಾಜ ಹಿಂದೆ ಇರುವಾಗಲೇ ಖರ್ಚು ಮಾಡ್ಬಿಟ್ಟಿದ್ದ. ಅವನಿಗೆ ಬೇರೆ ದಾರಿ ಇತ್ತು ಅಂತಲ್ಲ, ಏನು ಆಡಿದ್ರೂ ಡ್ರಾನೇ ಇತ್ತು. ಕೈಯಲ್ಲಿ ಏನೂ ಉಳೀದೇ ಇದ್ದವನಿಗೆ ನೀನು ಒಂದು ಮೂವ್ ಸಾಲ ಕೊಟ್ಟೆ.

ಮನೇಲಿ ಮಾಡೋಕೆ ಒಂದು ಅಭ್ಯಾಸ. ಒಂದು ರೂಪಾಯಿ ನಾಣ್ಯ ತಗೋ. ಅಮ್ಮ ಬಿಳಿ, ನೀನು ಕಪ್ಪು, ಅಮ್ಮನಿಗೆ ಚೆಸ್ ಜಾಸ್ತಿ ಬರ್ಬೇಕಂತೇನಿಲ್ಲ, ರಾಜ ಹೇಗೆ ನಡೆಯುತ್ತೆ ಗೊತ್ತಿದ್ರೆ ಸಾಕು. ಆಡಿದವರು ನಾಣ್ಯನ ಎದುರಿನವರ ಕಡೆ ತಳ್ಳಬೇಕು, ನಾಣ್ಯ ಯಾರ ಮುಂದಿದ್ಯೋ ಅವರ ಸರದಿ. ಪ್ರತಿ ಸಲ ಆಡೋಕೆ ಮುಂಚೆ ಬಾಯಿಬಿಟ್ಟು ಹೇಳು, "ನಾನು ಇಲ್ಲಿಗೆ ಹೋಗ್ತೀನಿ, ಅಮ್ಮ ಅಲ್ಲಿಗೆ ಬರ್ತಾಳೆ, ಆಗ ನಾಣ್ಯ ನನ್ನ ಹತ್ರ". ಎದುರು ಬದುರು ನಿಂತಾಗ ನಾಣ್ಯ ನಿನ್ನ ಹತ್ರ ಬರೋ ಹಾಗಿದ್ರೆ ಆ ಮೂವ್ ಬೇಡ. ಎರಡು ದಿನ ಮಾಡು, ಮೂರನೇ ದಿನ ನಾಣ್ಯ ತೆಗೆದಿಟ್ಟು ಆಡು. ಪಾನನ್ನ ಒಂದ್ಸಲ c ಸಾಲಲ್ಲಿ, ಒಂದ್ಸಲ f ಸಾಲಲ್ಲಿ ಇಟ್ಟು ನೋಡು. ನಾನು ಮಿಕ್ಕ ಮಕ್ಕಳಿಗೂ ಈ ವಾರದಿಂದ ಇದನ್ನೇ ಮಾಡಿಸ್ತೀನಿ, ಗೋಡೆ ಮೇಲೆ ಅಂಟಿಸಿದ್ದ "ಎದುರಿಗೆ ನಿಲ್ಲಿಸು" ಚಾರ್ಟ್ ಸೋಮವಾರನೇ ಕಿತ್ತುಹಾಕಿದೆ. ಅಂಟು ಗೋಡೇಲೇ ಉಳ್ಕೊಂಡಿದೆ, ಅದರ ಮೇಲೆ ಹೊಸದು ಏನು ಬರೀಬೇಕು ಅಂತ ನೀನೇ ಬಂದು ಹೇಳು.

ಶನಿವಾರ ಬರುವಾಗ ಇದನ್ನ ಯೋಚನೆ ಮಾಡ್ಕೊಂಡು ಬಾ, ಇಂಜಿನ್ ನೋಡ್ಬೇಡ. ಭಾನುವಾರದ ಪೊಸಿಶನಲ್ಲಿ ನೀನು ಸರಿಯಾಗಿ 1...Ke8 ಆಡ್ದೆ ಅಂದ್ಕೋ. ಅವನು d6ಗೆ ಬರ್ಲಿಲ್ಲ, ಪಾನ್ ಹಿಂದೆ ಹೋಗಿ ನಿಂತ, 2.Ke5. ಈಗ ಅವನ ರಾಜ e5, ಪಾನ್ e6, ನಿನ್ನ ರಾಜ e8, ನಾಣ್ಯ ನಿನ್ನ ಮುಂದೆ. ನೇರ ಹಿಂದಕ್ಕೆ ಹೋಗೋಣ ಅಂದ್ರೆ ಹಿಂದೆ ಬೋರ್ಡೇ ಇಲ್ಲ. ನಿನಗಿರೋದು ಮೂರು ಮನೆ, d8, e7, f8. ಒಂದೇ ಸರಿ. ಯಾವುದು ಅನ್ನೋದರ ಜೊತೆ, ಮಿಕ್ಕ ಎರಡರಲ್ಲಿ ನಾಣ್ಯ ಯಾವಾಗ ನಿನ್ನ ಹತ್ರ ವಾಪಸ್ ಬರುತ್ತೆ ಅಂತಾನೂ ಬರ್ಕೊಂಡು ಬಾ. ಪೆನ್ಸಿಲಲ್ಲಿ ಬರಿ.

ಇಂತಿ,
ನಿನ್ನ ಸರ್